ನಾಲ್ಕೂವರೆ ನಿಮಿಷದ ವಂದನಾರ್ಪಣೆ

ಮಠದ ಕಾರ್ಯಕ್ರಮದ ಆಹ್ವಾನ ಪತ್ರಿಕೆ ತೆಗೆದು ನೋಡಿ. ದಿವ್ಯ ಸಾನ್ನಿಧ್ಯ ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ. ಅದರ ಕೆಳಗೆ ಸಮ್ಮುಖ, ನೇತೃತ್ವ, ಅಧ್ಯಕ್ಷತೆ, ಉದ್ಘಾಟನೆ, ಮುಖ್ಯ ಅತಿಥಿಗಳು, ಉಪನ್ಯಾಸ. ಇನ್ನೂ ಕೆಳಗೆ ಪ್ರಾರ್ಥನೆ, ಸ್ವಾಗತ, ನಿರೂಪಣೆ. ತೀರಾ ಕೊನೆಗೆ, ಪ್ರೆಸ್ಸಿನ ಹೆಸರಿನ ಮೇಲೆ ಉಳಿದ ಒಂದು ಸಾಲಿನಲ್ಲಿ, ವಂದನಾರ್ಪಣೆ. ಹೋದ ವರ್ಷ ಆ ಸಾಲಿನಲ್ಲಿ ನನ್ನ ಹೆಸರಿತ್ತು.

ಊರು ಉತ್ತರ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರ. ಅಲ್ಲಿನ ಮಠದಲ್ಲಿ ಶನಿವಾರ, ಭಾನುವಾರ ಎರಡು ದಿನ ಧರ್ಮ ಸಮ್ಮೇಳನ. ನಾನು ಅದೇ ಊರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವನು. ಮೇಷ್ಟ್ರು ಅಂದಮೇಲೆ ಮಾತು ಬರುತ್ತೆ ಅಂತ ಸಮಿತಿಯವರ ಲೆಕ್ಕ. ನನಗೆ ಆ ಕೆಲಸ ಕೊಟ್ಟಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅದರ ಹಿಂದಿನ ವರ್ಷದ ವಂದನಾರ್ಪಣೆ 19 ನಿಮಿಷ ನಡೆದಿತ್ತು.

ಅದನ್ನು ನಾನು ಕಣ್ಣಾರೆ ನೋಡಿದ್ದೆ. ವಂದಿಸಿದವರು ಒಳ್ಳೆಯ ಮನುಷ್ಯ, ಯಾರಿಗೂ ನೋವಾಗಬಾರದು ಅನ್ನೋದೇ ಅವರ ಕಾಳಜಿ. ಮೊದಲ ಆರು ನಿಮಿಷ ಎಲ್ಲ ಉಪನ್ಯಾಸಗಳ ಸಾರಾಂಶ ಹೇಳಿದರು. ಆಮೇಲೆ ಪಟ್ಟಿ ಓದಿದರು. ಕೂತ ಮೇಲೆ ಮತ್ತೆ ಎದ್ದು ಬಂದು, ‘ಒಂದ್ ಹೆಸರು ಬಿಟ್ಟಿದ್ದೆ’ ಅಂದರು. ಹೀಗೆ ಮೂರು ಸಲ. ಮೂರನೇ ಸಲ ಬಂದಾಗ ಪೂಜ್ಯರು ಎದ್ದು ನಿಂತಿದ್ದರು. ಸಭೆಯಲ್ಲಿ ಕುರ್ಚಿ ಜೋಡಿಸುವ ಹುಡುಗರು, ಮೈಕಿನವನು, ಮೊದಲ ಸಾಲಿನ ಹತ್ತಿಪ್ಪತ್ತು ಜನ, ಅಷ್ಟೇ. ಇಷ್ಟೆಲ್ಲ ಆದಮೇಲೂ ಮರುದಿನ ನಾಲ್ಕು ಜನ ಫೋನ್ ಮಾಡಿ, ನಮ್ಮ ಹೆಸರು ಬರಲಿಲ್ಲ ಅಂತ ಸಮಿತಿಯವರನ್ನು ತರಾಟೆಗೆ ತಗೊಂಡರು. ಅಂದರೆ 19 ನಿಮಿಷ ತೆಗೆದುಕೊಂಡರೂ ಕೆಲಸ ಆಗಿರಲಿಲ್ಲ.

ಪಟ್ಟಿ ಕೈಗೆ ಬಂದಾಗ

ಗುರುವಾರ ಸಂಜೆ ಸಮಿತಿಯ ಕಾರ್ಯದರ್ಶಿ ನಾಲ್ಕು ಪುಟದ ಪಟ್ಟಿ ಕೊಟ್ಟರು. 112 ಹೆಸರು. ಮೂವರು ಪೂಜ್ಯರು, ಉದ್ಘಾಟಕರು, ಅಧ್ಯಕ್ಷರು, ನಾಲ್ಕು ಗೋಷ್ಠಿಗಳ ಹನ್ನೊಂದು ಉಪನ್ಯಾಸಕರು, 47 ದಾನಿಗಳು, ಉಳಿದದ್ದೆಲ್ಲ ಬೇರೆ ಬೇರೆ ಸಮಿತಿಗಳ ಸದಸ್ಯರು. ಸ್ವಯಂಸೇವಕರು ಸುಮಾರು 130 ಜನ, ಅವರ ಹೆಸರು ಪಟ್ಟಿಯಲ್ಲಿ ಇರಲೇ ಇಲ್ಲ. ‘ಅಷ್ಟ್ ಹೆಸರು ಎಲ್ಲಿ ಓದ್ತೀರಿ ಸರ, ಎಲ್ಲಾರಿಗೂ ಅಂದ್ಬಿಡ್ರಿ’ ಅಂದರು ಕಾರ್ಯದರ್ಶಿ.

ಮನೆಗೆ ಬಂದು ಮೊಬೈಲಿನಲ್ಲಿ ಟೈಮರ್ ಇಟ್ಟು ಓದಿ ನೋಡಿದೆ. ‘ಶ್ರೀಯುತ’ ಸೇರಿಸಿ, ಊರಿನ ಹೆಸರು ಸೇರಿಸಿ ಒಬ್ಬರ ಹೆಸರು ಹೇಳೋಕೆ ನಾಲ್ಕು ಸೆಕೆಂಡ್ ಬೇಕು. ಪೂಜ್ಯರ ಪೂರ್ತಿ ಬಿರುದಾವಳಿಗೆ ಹನ್ನೆರಡು ಸೆಕೆಂಡ್. ಬರೀ ಹೆಸರುಗಳಿಗೇ ಎಂಟು ನಿಮಿಷದ ಹತ್ತಿರ ಆಯಿತು. ಪ್ರತಿಯೊಬ್ಬರಿಗೂ ‘ಅವರಿಗೆ ಸಮ್ಮೇಳನ ಸಮಿತಿಯ ಪರವಾಗಿ ಹೃತ್ಪೂರ್ವಕ ವಂದನೆಗಳನ್ನು ಸಲ್ಲಿಸುತ್ತೇನೆ’ ಅಂತ ಜೋಡಿಸಿದರೆ ಅದು ಎರಡರಷ್ಟು. ಹೋದ ಸಲದ 19 ನಿಮಿಷ ಎಲ್ಲಿಂದ ಬಂತು ಅನ್ನೋದು ಆಗ ಗೊತ್ತಾಯಿತು. ಅವರು ಹರಟೆ ಹೊಡೆದಿರಲಿಲ್ಲ, ಪಟ್ಟಿಯ ಗಾತ್ರವೇ ಅಷ್ಟು.

ನಮಗೆ ಸಿಗುವ ಸಮಯ ಎಷ್ಟು? ಸಮಾರೋಪ ಸಂಜೆ ಐದೂವರೆಗೆ ಶುರು, ಎಂಟೂವರೆಗೆ ಆಶೀರ್ವಚನ ಮುಗಿಯಬೇಕು. ಒಂಬತ್ತೂಕಾಲಿಗೆ ಹಳ್ಳಿಗಳ ಕಡೆ ಹೋಗುವ ಕೊನೆಯ ಬಸ್ಸು. ಅಷ್ಟರೊಳಗೆ ಜನ ಪ್ರಸಾದ ತಗೊಳ್ಳಬೇಕು. ಐದು ನಿಮಿಷ ದಾಟಿದರೆ ಜನ ನಮ್ಮನ್ನು ಬಿಟ್ಟು ಬಸ್ಸನ್ನು ಆರಿಸಿಕೊಳ್ಳುತ್ತಾರೆ, ಅದು ಅವರ ತಪ್ಪಲ್ಲ.

ಐದು ನಿಮಿಷಕ್ಕೆ ಪಟ್ಟಿ ಕತ್ತರಿಸಬೇಕು. ಯಾರನ್ನು ಬಿಡೋದು? ಇದೇ ಪ್ರಶ್ನೆ ಇಟ್ಟುಕೊಂಡು ಕೂತರೆ ಬೆಳಗಾದರೂ ಉತ್ತರ ಸಿಗುವುದಿಲ್ಲ. ಯಾರನ್ನು ಬಿಟ್ಟರೂ ಅವರು ಸಣ್ಣವರಾಗುತ್ತಾರೆ. ಆಮೇಲೆ ಪ್ರಶ್ನೆಯನ್ನೇ ಬದಲಾಯಿಸಿದೆ: ಯಾವ ಕ್ರಮದಲ್ಲಿ ಹೇಳಿದರೆ ಅದು ದೊಡ್ಡವರು, ಚಿಕ್ಕವರು ಅನ್ನುವ ಸಾಲಾಗುವುದಿಲ್ಲ?

ವೇದಿಕೆಯ ಮೇಲಿನ ಪೂಜ್ಯರ ವಿಷಯದಲ್ಲಿ ಈ ಪ್ರಶ್ನೆ ಇಲ್ಲ. ಅಲ್ಲಿ ಕ್ರಮ ಮೊದಲೇ ನಿಗದಿಯಾಗಿರುತ್ತೆ, ಆಹ್ವಾನ ಪತ್ರಿಕೆಯಲ್ಲಿ ಹೇಗಿದೆಯೋ ಹಾಗೆ. ಅದನ್ನು ಮುಟ್ಟಬಾರದು. ಅಲ್ಲಿಂದ ಕೆಳಗೆ ನಾನು ಮೂರು ಬೇರೆ ಕ್ರಮ ಬಳಸಿದೆ. ಉಪನ್ಯಾಸಕರಿಗೆ ಮಾತಾಡಿದ ಸಮಯದ ಕ್ರಮ. ದಾನಿಗಳಿಗೆ ಅವರ ಸೇವೆ ನಡೆದ ಹೊತ್ತಿನ ಕ್ರಮ. ರೊಟ್ಟಿ ಕಳಿಸಿದ ಹಳ್ಳಿಗಳಿಗೆ ರಸ್ತೆಯ ಕ್ರಮ. ಈ ಮೂರರಲ್ಲಿ ಯಾವುದನ್ನೂ ಯಾರೂ ‘ನನ್ನನ್ನ ಯಾಕೆ ಆಮೇಲೆ ಹೇಳಿದ್ರಿ’ ಅಂತ ಕೇಳುವಂತಿಲ್ಲ. ಶನಿವಾರ ಬೆಳಗಿನ ಉಪಾಹಾರ ಭಾನುವಾರ ರಾತ್ರಿಯ ಪ್ರಸಾದಕ್ಕಿಂತ ಮೊದಲೇ ಬರಬೇಕಲ್ವಾ?

ಪದಗಳ ವಿಷಯ

ಶುಕ್ರವಾರ ಬರೆದ ಮೊದಲ ಕರಡನ್ನು ಮಠದಲ್ಲಿ ನಲವತ್ತು ವರ್ಷದಿಂದ ಓಡಾಡಿಕೊಂಡಿರುವ ಹಿರಿಯರೊಬ್ಬರಿಗೆ ಓದಿ ಹೇಳಿದೆ. ಮೊದಲ ಸಾಲಿಗೇ ತಡೆದರು.

‘ಅಜ್ಜಾರಿಗೆ ಧನ್ಯವಾದ ಹೇಳ್ತಾರೇನ್ರಿ ಮಾಸ್ತರ? ಅವರೇನು ನಮ್ಮ ಮನಿಗೆ ಬಂದ ಅತಿಥಿ ಅಲ್ಲ. ನಾವ ಅವರ ಮನ್ಯಾಗ ಅದೀವಿ. ಅವರಿಗೆ ಶರಣು ಮಾಡ್ತಾರ.’

ಸರಿಯಾದ ಮಾತು. ನಾವು ಎಲ್ಲರಿಗೂ ಒಂದೇ ‘ಧನ್ಯವಾದ’ ಹಂಚುತ್ತೇವೆ. ಮಠದ ಸಭೆಯಲ್ಲಿ ಅದು ಕಿವಿಗೆ ಚುಚ್ಚುತ್ತೆ. ಆಮೇಲೆ ಹೀಗೆ ಬದಲಾಯಿಸಿದೆ: ಪೂಜ್ಯರಿಗೆ ಶರಣು ಶರಣಾರ್ಥಿ, ಅತಿಥಿಗಳಿಗೂ ಉಪನ್ಯಾಸಕರಿಗೂ ಕೃತಜ್ಞತೆ, ದುಡಿದವರಿಗೆ ವಂದನೆ. ಬೇರೆ ಪರಂಪರೆಯ ಮಠವಾದರೆ ಅಲ್ಲಿನ ಮಾತು ಬೇರೆ, ಪ್ರಣಾಮ ಅನ್ನಬಹುದು, ಸಾಷ್ಟಾಂಗ ನಮಸ್ಕಾರ ಅನ್ನಬಹುದು. ಅಲ್ಲಿಯ ಹಿರಿಯರೊಬ್ಬರನ್ನು ಕೇಳಿಬಿಟ್ಟರೆ ಮುಗಿಯಿತು.

ಇನ್ನೊಂದನ್ನೂ ಅವರೇ ಹಿಡಿದರು. ನಾನು ಎಲ್ಲ ಕಡೆ ‘ವಂದನೆ ಸಲ್ಲಿಸಲು ಬಯಸುತ್ತೇನೆ’ ಅಂತ ಬರೆದಿದ್ದೆ. ‘ಬಯಸೂದ್ಯಾಕ? ಸಲ್ಲಿಸಿಬಿಡ್ರಿ’ ಅಂದರು. ಕನ್ನಡ ಕಲಿಸುವವನಿಗೆ ಇದು ತಾನಾಗಿ ಹೊಳೆಯಬೇಕಿತ್ತು. ‘ಬಯಸುತ್ತೇನೆ’ ಹೋದ ಮೇಲೆ ಪ್ರತಿ ವಾಕ್ಯವೂ ಚಿಕ್ಕದಾಯಿತು, ಮಾತಿಗೆ ಗಟ್ಟಿತನವೂ ಬಂತು.

ಉಪನ್ಯಾಸಕರು: ಸಾರಾಂಶ ಬೇಡ, ಒಂದು ಮಾತು ಸಾಕು

ಹನ್ನೊಂದು ಜನ ಮಾತಾಡುವವರಿದ್ದರು. ಕಾಯಕ, ದಾಸೋಹ, ಶರಣೆಯರು, ಯುವಕರು, ಹೀಗೆ ನಾಲ್ಕು ಗೋಷ್ಠಿ. ಇವರ ಹೆಸರು ಬಿಡುವ ಹಾಗಿಲ್ಲ, ದೂರದಿಂದ ಬಂದವರು. ಹಾಗಂತ ಪ್ರತಿಯೊಬ್ಬರ ಮಾತಿನ ಸಾರ ಹೇಳೋಕೆ ಹೋದರೆ ಅದು ಐದನೇ ಗೋಷ್ಠಿಯಾಗುತ್ತೆ.

ನಾನು ಗೋಷ್ಠಿಗೆ ಒಂದು ವಾಕ್ಯ ಅಂತ ಮಿತಿ ಹಾಕಿಕೊಂಡೆ. ಆ ವಾಕ್ಯದಲ್ಲಿ ಯಾರು ಹೇಳಿದರು ಅನ್ನೋದು ಇರಬಾರದು, ಏನು ಹೇಳಿದರು ಅನ್ನೋದು ಮಾತ್ರ ಇರಬೇಕು. ಹೆಸರು ಹಾಕಿದರೆ ಅದೇ ಗೋಷ್ಠಿಯ ಉಳಿದ ಇಬ್ಬರು ಸಪ್ಪಗಾಗುತ್ತಾರೆ. ಆ ವಾಕ್ಯವನ್ನು ಮೊದಲೇ ಬರೆಯೋಕೂ ಆಗುವುದಿಲ್ಲ. ಎರಡು ದಿನ ಪೂರ್ತಿ ಕೂತು ಕೇಳಲೇಬೇಕು. ಪೆನ್ನು ಹಿಡಿದು ಎರಡನೇ ಸಾಲಿನಲ್ಲಿ ಕೂತೆ. ಜನ ತಲೆಯೆತ್ತಿದ ಕಡೆ, ನಕ್ಕ ಕಡೆ, ಚಪ್ಪಾಳೆ ಹೊಡೆದ ಕಡೆ ಗುರುತು ಮಾಡಿದೆ. ಶರಣೆಯರ ಗೋಷ್ಠಿಯಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ಬಂತು. ಗಂಡ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟು ನಮಗೆ ಬೇಡ, ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಅಂತ ಅವಳು ವಾಪಸ್ ಕಳಿಸಿದ ಕಥೆ. ಹೆಣ್ಣುಮಕ್ಕಳು ಕೂತ ಕಡೆಯಿಂದ ಜೋರು ಚಪ್ಪಾಳೆ. ನನ್ನ ಮೂರನೇ ವಾಕ್ಯ ಅಲ್ಲೇ ಸಿಕ್ಕಿತು.

ಕೂತು ಕೇಳಿದ್ದರಿಂದ ಇನ್ನೊಂದು ದೊಡ್ಡ ತಪ್ಪು ತಪ್ಪಿತು. ಯುವಕರ ಗೋಷ್ಠಿಗೆ ಬರಬೇಕಿದ್ದ ಒಬ್ಬರು ಬರಲೇ ಇಲ್ಲ. ಅವರ ಜಾಗದಲ್ಲಿ ನಮ್ಮ ಊರಿನ ಕಾಲೇಜಿನ ಉಪನ್ಯಾಸಕರೊಬ್ಬರು ಒಂದು ಗಂಟೆ ಮುಂಚೆ ಹೇಳಿಸಿಕೊಂಡು ಬಂದು ಮಾತಾಡಿದರು. ಆಹ್ವಾನ ಪತ್ರಿಕೆ ನೋಡಿ ಓದಿದ್ದರೆ ಬಾರದವರನ್ನು ಹೊಗಳಿ, ಬಂದವರನ್ನು ಮರೆಯುತ್ತಿದ್ದೆ. ಇದು ವಂದನಾರ್ಪಣೆಯಲ್ಲಿ ತುಂಬಾ ಸಲ ಆಗುವ ತಪ್ಪು. ಅದಕ್ಕೇ ಪ್ರತಿ ಗೋಷ್ಠಿ ಮುಗಿದ ಕೂಡಲೇ ಮಾತಾಡಿದವರ ಹೆಸರಿನ ಮುಂದೆ ಟಿಕ್ ಹಾಕಿ, ಹೆಸರಿನ ಉಚ್ಚಾರಣೆಯನ್ನೂ ಅವರ ಬಾಯಿಂದಲೇ ಕೇಳಿ ಬರೆದುಕೊಂಡೆ.

ದುಡಿದವರು: ಹೆಸರಿಲ್ಲ, ಕೆಲಸದ ಹೆಸರು

130 ಜನರಲ್ಲಿ ಹತ್ತು ಹೆಸರು ಹೇಳಿದರೆ ಉಳಿದ 120 ಜನಕ್ಕೆ ಅನ್ಯಾಯ. ಹೇಳಿದರೆ ಎಲ್ಲರದೂ, ಇಲ್ಲದಿದ್ದರೆ ಒಬ್ಬರದೂ ಬೇಡ. ನಾನು ಎರಡನೆಯದನ್ನು ಆರಿಸಿಕೊಂಡೆ. ಅದರ ಬದಲು ಅವರು ಮಾಡಿದ ಕೆಲಸವನ್ನು ಅವರಿಗೇ ಗುರುತು ಸಿಗುವಷ್ಟು ನಿಖರವಾಗಿ ಹೇಳಬೇಕು. ‘ಹಗಲಿರುಳು ಶ್ರಮಿಸಿದ ಸಮಸ್ತ ಕಾರ್ಯಕರ್ತರು’ ಅಂದರೆ ಯಾರಿಗೂ ಅದು ತಾನು ಅನ್ನಿಸುವುದಿಲ್ಲ. ‘ಚಪ್ಪಲಿ ಕಾಯ್ದ ಹುಡುಗರು’ ಅಂದರೆ ಹುಡುಗರು ತಿರುಗಿ ನೋಡುತ್ತಾರೆ.

ಶನಿವಾರ ರಾತ್ರಿ ಒಂದು ಘಟನೆ ನಡೆಯಿತು. ಹನ್ನೊಂದರ ಹೊತ್ತಿಗೆ ಗಾಳಿ ಎದ್ದು ಪೆಂಡಾಲಿನ ಒಂದು ಮೂಲೆ ಹಾರಿತು. ಹುಡುಗರು ಎರಡು ಗಂಟೆಯವರೆಗೆ ಕಂಬ ಹಿಡಿದು, ಹಗ್ಗ ಬಿಗಿದು ನಿಲ್ಲಿಸಿದರು. ಬೆಳಿಗ್ಗೆ ಬಂದ ಜನಕ್ಕೆ ಇದರ ಸುಳಿವೇ ಇರಲಿಲ್ಲ. ಭಾನುವಾರ ಬೆಳಿಗ್ಗೆ ಅದನ್ನು ಚೀಟಿಯಲ್ಲಿ ಸೇರಿಸಿಕೊಂಡೆ.

ರೊಟ್ಟಿಯ ವಿಷಯ ಹೇಳಲೇಬೇಕು. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ರೊಟ್ಟಿ ಬರುವುದನ್ನು ನೀವು ಕೇಳಿರಬಹುದು. ನಮ್ಮದು ಅದರ ಮುಂದೆ ಚಿಕ್ಕದು, ರೂಢಿ ಮಾತ್ರ ಅದೇ. ಒಂಬತ್ತು ಹಳ್ಳಿಯ ತಾಯಂದಿರು ಮನೆಮನೆಯಲ್ಲಿ ಜೋಳದ ರೊಟ್ಟಿ ಬಡಿದು, ಬಟ್ಟೆಯಲ್ಲಿ ಕಟ್ಟಿ ಟ್ರ್ಯಾಕ್ಟರಿನಲ್ಲಿ ಕಳಿಸಿದ್ದರು. ಆ ಹೆಂಗಸರ ಹೆಸರು ಯಾರ ಬಳಿಯೂ ಇಲ್ಲ. ಹಳ್ಳಿಯ ಹೆಸರು ಹೇಳಿದರೆ ಸಾಕು. ಯಾವ ಹಳ್ಳಿ ಮೊದಲು? ನಮ್ಮ ಊರಿನ ಪೂರ್ವದ ರಸ್ತೆ ಹಿಡಿದು ಹೊರಟು, ಸುತ್ತಿ ಪಶ್ಚಿಮದ ರಸ್ತೆಯಿಂದ ವಾಪಸ್ ಬಂದ ಹಾಗೆ ಬರೆದೆ. ಬಸ್ಸಿನ ಕಂಡಕ್ಟರ್ ಸ್ಟಾಪ್ ಕೂಗಿದ ಹಾಗೆ ಕೇಳುತ್ತೆ, ಇರಲಿ.

ಇದರಲ್ಲಿ ಒಂದು ತೊಡಕು ಕಂಡಿತು. ಅಡುಗೆ ಮನೆಯವರು ಸಭೆಯಲ್ಲಿ ಕೂತಿರೋದೇ ಇಲ್ಲ. ಆ ಹೊತ್ತಿಗೆ ಅವರು ಅನ್ನ ಬಸಿಯುತ್ತಾ, ಮಾದಲಿಗೆ ಬೆಲ್ಲ ಕಲಸುತ್ತಾ ಇರುತ್ತಾರೆ. ಅವರಿಗೆ ಕೇಳಿಸದ ವಂದನೆ ಯಾರಿಗೆ ಬೇಕು? ಭಾನುವಾರ ಮಧ್ಯಾಹ್ನ ಮೈಕಿನವನ ಹತ್ತಿರ ಹೋಗಿ, ಒಂದು ಹಾರ್ನನ್ನು ಅಡುಗೆ ಶೆಡ್ಡಿನ ಕಡೆ ತಿರುಗಿಸೋಕೆ ಹೇಳಿದೆ. ನನ್ನ ಎಲ್ಲ ತಯಾರಿಯಲ್ಲಿ ನನಗೆ ಇವತ್ತಿಗೂ ಹೆಮ್ಮೆ ಇರೋದು ಈ ಒಂದು ಕೆಲಸದ ಮೇಲೆ.

ದಾನಿಗಳು: ಜಗಳ ಇದ್ದದ್ದು ಇಲ್ಲೇ

47 ಹೆಸರೂ ಓದಲೇಬೇಕು ಅಂತ ಸಮಿತಿಯ ಇಬ್ಬರು ಪಟ್ಟು ಹಿಡಿದರು. ‘ದೇಣಿಗಿ ಎತ್ತಾಕ ಮುಂದಿನ ವರ್ಷ ನಾವ ಹೋಗಬೇಕು ಸರ, ನೀವಲ್ಲ’ ಅಂದರು. ಅವರ ಮಾತೂ ಸುಳ್ಳಲ್ಲ. ಇನ್ನೊಂದು ಕಡೆ, ‘ಮಾಡಿದೆನೆನ್ನದಿರಾ’ ಅಂತ ಬಸವಣ್ಣನವರು ದಾಸೋಹಿಗೆ ಎಚ್ಚರಿಕೆ ಹೇಳಿದ ಪರಂಪರೆ ನಮ್ಮದು. ಅಂಥ ವೇದಿಕೆಯಲ್ಲಿ ಯಾರು ಎಷ್ಟು ಕೊಟ್ಟರು ಅಂತ ಕೂಗೋದು ಮುಜುಗರ. ದಾಸೋಹದ ಗೋಷ್ಠಿ ಮಾಡಿ, ಅದರ ಕೊನೆಗೆ ಮೊತ್ತ ಓದಿದರೆ ಕೇಳುವವರು ನಗುತ್ತಾರೆ.

ಕೊನೆಗೆ ಒಪ್ಪಂದವಾದದ್ದು ಹೀಗೆ. 47 ಹೆಸರನ್ನೂ ಪ್ರಸಾದದ ಪೆಂಡಾಲಿನ ಬಾಗಿಲಲ್ಲಿ ಒಂದು ಫ್ಲೆಕ್ಸಿನಲ್ಲಿ ಹಾಕೋದು, ಅಕಾರಾದಿಯಾಗಿ, ಮೊತ್ತ ಇಲ್ಲದೆ. ಜನ ಸಾಲಿನಲ್ಲಿ ನಿಂತಾಗ ಹೇಗೂ ಓದುತ್ತಾರೆ. ಮೈಕಿನಲ್ಲಿ ಓದೋದು ಒಂದು ಪೂರ್ತಿ ಸೇವೆಯನ್ನು ವಹಿಸಿಕೊಂಡವರ ಹೆಸರು ಮಾತ್ರ. ಶನಿವಾರದ ಉಪಾಹಾರ, ಮಧ್ಯಾಹ್ನದ ಪ್ರಸಾದ, ರಾತ್ರಿಯ ಪ್ರಸಾದ, ಭಾನುವಾರದ ಮೂರು, ಪೆಂಡಾಲು. ಏಳು ಸೇವೆ, ಏಳು ಹೆಸರು. ಉಳಿದ ನಲವತ್ತು ಜನಕ್ಕೆ ಒಂದು ವಾಕ್ಯ, ಫ್ಲೆಕ್ಸ್ ಕಡೆ ಕೈ ತೋರಿಸಿ.

ಏಳು ಹೆಸರನ್ನೂ ಸುಮ್ನೆ ನಂಬಲಿಲ್ಲ. ಖಜಾಂಚಿಯ ಮುಂದೆ ಕೂತು ರಸೀದಿ ಪುಸ್ತಕದ ಜೊತೆ ತಾಳೆ ನೋಡಿದೆ. ಒಬ್ಬರು ಒಂದು ಹೊತ್ತಿನ ಪ್ರಸಾದ ತಮ್ಮದು ಅಂತ ಬಾಯಲ್ಲಿ ಹೇಳಿದ್ದರು, ದುಡ್ಡು ಬಂದಿರಲಿಲ್ಲ. ಅಡುಗೆ ನಡೆದದ್ದು ಸಮಿತಿಯ ಹಣದಲ್ಲಿ. ಖಜಾಂಚಿಯೇ ಅವರಿಗೆ ಫೋನ್ ಮಾಡಿದರು. ಭಾನುವಾರ ಹನ್ನೊಂದಕ್ಕೆ ಹಣ ಬಂತು, ಹೆಸರು ಉಳಿಯಿತು. ಪೆಂಡಾಲಿನವನು ತನ್ನ ಅಂಗಡಿಯ ಹೆಸರೂ ಹೇಳಿ ಅಂದ. ಅವನು ಬಾಡಿಗೆ ತಗೊಂಡವನು, ದಾನಿ ಅಲ್ಲ. ಆದರೆ ಗಾಳಿ ಎದ್ದ ರಾತ್ರಿ ಅವನ ಆಳುಗಳೂ ಕಂಬ ಹಿಡಿದಿದ್ದರು. ಅವರನ್ನು ದುಡಿದವರ ವಾಕ್ಯದಲ್ಲಿ ಸೇರಿಸಿದೆ, ಅಂಗಡಿಯ ಹೆಸರು ಬಿಟ್ಟೆ.

ಗುಪ್ತ ದಾನ ಕೊಟ್ಟವರೊಬ್ಬರಿದ್ದರು. ‘ಹೆಸರು ಹೇಳಲು ಇಚ್ಛಿಸದ ಅಕ್ಕಿ ವ್ಯಾಪಾರಿ’ ಅಂತ ಯಾರೋ ಕರಡಿನಲ್ಲಿ ತುರುಕಿದ್ದರು. ನಮ್ಮ ಊರಲ್ಲಿ ಇರೋದೇ ನಾಲ್ಕು ಅಕ್ಕಿ ಅಂಗಡಿ. ಅದು ಹೆಸರು ಹೇಳಿದಂತೆಯೇ. ಆ ಸಾಲು ಹೊಡೆದುಹಾಕಿದೆ.

ಹೇಳಿದ ಮಾತು

ಕೊನೆಗೆ ವೇದಿಕೆಯಲ್ಲಿ ಹೇಳಿದ್ದು ಇದು. ವ್ಯಕ್ತಿಗಳ ಹೆಸರು, ಊರಿನ ಹೆಸರು ಇಲ್ಲಿ ತೆಗೆದಿದ್ದೇನೆ.

‘ದಿವ್ಯ ಸಾನ್ನಿಧ್ಯ ವಹಿಸಿದ ಪರಮ ಪೂಜ್ಯರಿಗೆ ಶರಣು ಶರಣಾರ್ಥಿ. ಎರಡು ದಿನವೂ ಪ್ರಾರ್ಥನೆಯಿಂದ ಹಿಡಿದು ಕೊನೆಯ ಗೋಷ್ಠಿಯವರೆಗೆ ಪೂಜ್ಯರು ಇಲ್ಲೇ ಕೂತು ಕೇಳಿದರು. ಅವರು ಕೇಳಿದ್ದರಿಂದ ನಾವೂ ಎದ್ದು ಹೋಗಲಿಲ್ಲ. ಸಮ್ಮುಖ ವಹಿಸಿದ ಇಬ್ಬರೂ ಪೂಜ್ಯರಿಗೆ ಸಭೆಯ ಪರವಾಗಿ ಶರಣು ಶರಣಾರ್ಥಿ.

ಸಮ್ಮೇಳನವನ್ನು ಉದ್ಘಾಟಿಸಿದವರಿಗೆ, ಸಮಾರೋಪದ ಅಧ್ಯಕ್ಷತೆ ವಹಿಸಿದವರಿಗೆ ಕೃತಜ್ಞತೆಗಳು.

ನಾಲ್ಕು ಗೋಷ್ಠಿಗಳಿಂದ ನಾಲ್ಕು ಮಾತು ನಾವು ಮನೆಗೆ ಒಯ್ಯುತ್ತಿದ್ದೇವೆ. ಕಾಯಕದಲ್ಲಿ ಮೇಲು ಕೀಳಿಲ್ಲ ಅನ್ನೋದು ಮೊದಲನೆಯದು. ಕೊಟ್ಟ ಕೈಗೆ ಕೊಟ್ಟದ್ದು ನೆನಪಿರಬಾರದು ಅನ್ನೋದು ಎರಡನೆಯದು. ಹೆಚ್ಚಿಗೆ ಬಂದ ಅಕ್ಕಿಯನ್ನು ಲಕ್ಕಮ್ಮ ವಾಪಸ್ ಕಳಿಸಿದ್ದು ಮೂರನೆಯದು. ಸಾಲ ಮಾಡಿ ಮದುವೆ ಮಾಡಬೇಡಿ ಅಂತ ನಮ್ಮ ಹುಡುಗರಿಗೆ ಹೇಳಿದ್ದು ನಾಲ್ಕನೆಯದು. ಇವನ್ನು ಕೊಟ್ಟ ಹನ್ನೊಂದು ಉಪನ್ಯಾಸಕರು, ಮಾತಾಡಿದ ಕ್ರಮದಲ್ಲಿ: (ಹೆಸರುಗಳು). ತಮಗೆಲ್ಲ ಕೃತಜ್ಞತೆಗಳು. ಪ್ರಾರ್ಥನೆ ಹಾಡಿದ ಮಕ್ಕಳಿಗೆ ವಂದನೆಗಳು.

ಇನ್ನು ಕಣ್ಣಿಗೆ ಕಾಣದೆ ದುಡಿದವರು. ಶನಿವಾರ ರಾತ್ರಿ ಗಾಳಿಗೆ ಪೆಂಡಾಲು ಎದ್ದಾಗ ಎರಡು ಗಂಟೆಯವರೆಗೆ ಕಂಬ ಹಿಡಿದು ನಿಂತವರು. ನೀರು ಕೊಟ್ಟ, ಚಪ್ಪಲಿ ಕಾಯ್ದ ಕಾಲೇಜಿನ ಹುಡುಗ ಹುಡುಗಿಯರು. ಎಲೆ ಎತ್ತಿದವರು, ಮೈದಾನ ಗುಡಿಸಿದ ಪೌರಕಾರ್ಮಿಕರು. ಈಗಲೂ ಒಲೆಯ ಮುಂದೆ ಇರುವ ಅಡುಗೆ ಮನೆಯ ಬಂಧುಗಳೇ, ಇದು ನಿಮಗೆ ಕೇಳಿಸುತ್ತಿದೆ ಅಂದುಕೊಂಡಿದ್ದೇನೆ. ನಿಮಗೆಲ್ಲ ವಂದನೆಗಳು. ರೊಟ್ಟಿ ಕಳಿಸಿದ ಒಂಬತ್ತು ಊರಿನ ತಾಯಂದಿರಿಗೆ, (ಊರುಗಳು), ವಂದನೆಗಳು.

ದಾಸೋಹ ಸೇವೆ ವಹಿಸಿಕೊಂಡವರು, ಸೇವೆ ನಡೆದ ಕ್ರಮದಲ್ಲಿ: (ಏಳು ಹೆಸರು). ಉಳಿದ ಎಲ್ಲ ದಾಸೋಹಿಗಳ ಹೆಸರು ಪ್ರಸಾದದ ಬಾಗಿಲಲ್ಲಿದೆ, ಒಳಗೆ ಹೋಗುವಾಗ ಒಂದು ಕ್ಷಣ ನಿಂತು ಓದಿ. ಅವರಿಗೆಲ್ಲ ಕೃತಜ್ಞತೆಗಳು. ಪೊಲೀಸ್ ಇಲಾಖೆ, ಪುರಸಭೆ, ಹೆಸ್ಕಾಂ ಸಿಬ್ಬಂದಿಗೆ, ಪತ್ರಕರ್ತ ಮಿತ್ರರಿಗೆ ವಂದನೆಗಳು.

ಕೊನೆಯದಾಗಿ ಇಲ್ಲಿ ಕೂತ ನಿಮಗೆ. ಎಲ್ಲರಿಗೂ ಶರಣು ಶರಣಾರ್ಥಿ. ಈಗ ಮಂಗಳ. ಮಂಗಳ ಆದಮೇಲೆ ಪ್ರಸಾದ.’

ವೇದಿಕೆಯ ಮೇಲೆ ಆದದ್ದು

ಕೊನೆಯ ಆ ಎರಡು ವಾಕ್ಯಕ್ಕೆ ಕಾರಣ ಇದೆ. ಆಶೀರ್ವಚನ ಮುಗಿದ ಕೂಡಲೇ ‘ಎಲ್ಲರೂ ಪ್ರಸಾದ ಸ್ವೀಕರಿಸಿ ಹೋಗಬೇಕು, ಈಗ ವಂದನಾರ್ಪಣೆ’ ಅಂತ ನಿರೂಪಕರು ಹೇಳುವುದು ರೂಢಿ. ಮೊದಲ ಅರ್ಧ ಕೇಳಿದ ಕೂಡಲೇ ಇಡೀ ಸಭೆ ಎದ್ದು ನಿಲ್ಲುತ್ತೆ. ಆಮೇಲೆ ವಂದಿಸುವವನು ಬೆನ್ನುಗಳಿಗೆ ವಂದಿಸಬೇಕು. ನಾನು ನಿರೂಪಕರನ್ನು ಮಧ್ಯಾಹ್ನವೇ ಹಿಡಿದು, ಪ್ರಸಾದ ಅನ್ನುವ ಪದ ನನ್ನ ಬಾಯಿಂದ ಮಾತ್ರ ಬರಲಿ ಅಂತ ಕೇಳಿಕೊಂಡಿದ್ದೆ. ಅವರೂ ಒಪ್ಪಿದ್ದರು. ಆಶೀರ್ವಚನಕ್ಕೆ ಮುಂಚೆಯೇ ವಂದನಾರ್ಪಣೆ ಮುಗಿಸುವ ಪದ್ಧತಿಯೂ ಕೆಲವು ಕಡೆ ಇದೆ, ಪೂಜ್ಯರ ಮಾತಿನ ಮೇಲೆ ಇನ್ನೊಬ್ಬರ ಮಾತು ಬೇಡ ಅಂತ. ನನಗೆ ಅದೇ ಹೆಚ್ಚು ಸರಿ ಅನ್ನಿಸುತ್ತೆ. ನಮ್ಮಲ್ಲಿ ಪತ್ರಿಕೆ ಅಚ್ಚಾಗಿಬಿಟ್ಟಿತ್ತು, ಬದಲಾಯಿಸೋಕೆ ಆಗಲಿಲ್ಲ.

ಆಶೀರ್ವಚನ ನಡೆಯುವಾಗಲೇ ನನ್ನ ಕೈಗೆ ಮೂರು ಚೀಟಿ ಬಂದವು. ಒಂದರಲ್ಲಿ ಐದು ನಿಮಿಷ ಬಂದು ಮುಖ ತೋರಿಸಿ ಹೋದ ಒಬ್ಬ ಮುಖಂಡರ ಹೆಸರು. ಅದನ್ನು ನಿರೂಪಕರಿಗೆ ದಾಟಿಸಿದೆ, ಅವರು ಬಂದಾಗಲೇ ಸ್ವಾಗತ ಆಗಿತ್ತು. ಎರಡನೆಯದು 47ರಲ್ಲಿ ಒಬ್ಬರದು, ಫ್ಲೆಕ್ಸಿನಲ್ಲಿ ಅವರ ಹೆಸರಿತ್ತು. ಮೂರನೆಯದು ಮಾತ್ರ ಸರಿಯಾದ ಚೀಟಿ. ಪ್ರಾರ್ಥನೆ ಹಾಡಿದ ಮಕ್ಕಳನ್ನು ನಾನು ಪೂರ್ತಿ ಮರೆತಿದ್ದೆ. ಉಪನ್ಯಾಸಕರ ಹೆಸರು ಮುಗಿದ ಕಡೆ ಪೆನ್ನಿನಲ್ಲಿ ಒಂದು ಸಾಲು ಸೇರಿಸಿದೆ. ಚೀಟಿ ಬಂದರೆ ಕೇಳಬೇಕಾದ ಪ್ರಶ್ನೆ ಒಂದೇ, ಇವರಿಗೆ ಬೇರೆ ಎಲ್ಲಾದರೂ ಜಾಗ ಸಿಕ್ಕಿದೆಯಾ ಅಂತ.

ನಾಲ್ಕು ನಿಮಿಷ ನಲವತ್ತು ಸೆಕೆಂಡಿಗೆ ಮುಗಿಯಿತು. ‘ಕಂಬ ಹಿಡಿದು ನಿಂತವರು’ ಅಂದಾಗ ಸಭೆಯ ಹಿಂದಿನಿಂದ ಸಿಳ್ಳೆ ಬಂತು. ಅಡುಗೆ ಮನೆಯ ಮಾತು ಬಂದಾಗ ಶೆಡ್ಡಿನ ಕಡೆಯಿಂದ ಯಾರೋ ಸೌಟಿನಿಂದ ಪಾತ್ರೆ ಬಡಿದರು. ಪೂಜ್ಯರು ನಕ್ಕರು. ಮಂಗಳದ ತನಕ ಎದ್ದವರು ಕಡಿಮೆ.

ಆಮೇಲೆ ಒಬ್ಬ ಸ್ನೇಹಿತರು, ಇಷ್ಟೂ ಹೆಸರು ಬೇಕಿತ್ತಾ ಅಂತ ಕೇಳಿದರು. ಷಿಕಾಗೋದಲ್ಲಿ 1893ರ ಸೆಪ್ಟೆಂಬರ್ 27ರಂದು, ಸರ್ವಧರ್ಮ ಸಮ್ಮೇಳನದ ಕೊನೆಯ ದಿನ ವಿವೇಕಾನಂದರು ವಂದಿಸಿದ್ದನ್ನು ನೆನಪಿಸಿದರು. ಕನಸು ಕಂಡು ಅದನ್ನು ನಡೆಸಿದವರಿಗೆ, ವೇದಿಕೆಗೆ, ಸಭಿಕರಿಗೆ, ಅಪಸ್ವರ ತೆಗೆದವರಿಗೂ ಸೇರಿ ಕೆಲವೇ ವಾಕ್ಯದಲ್ಲಿ ವಂದಿಸಿದ್ದಾರೆ, ಅದರಲ್ಲಿ ಯಾರೊಬ್ಬರ ಹೆಸರೂ ಇಲ್ಲ. ನಿಜ. ಆದರೆ ಅವರು ಅತಿಥಿ. ಅಲ್ಲಿ ಹದಿನೇಳು ದಿನ ಊಟ ಹಾಕಿಸಿದವರ ಲೆಕ್ಕ ಅವರ ತಲೆಯ ಮೇಲಿರಲಿಲ್ಲ. ಮನೆಯವನು ವಂದಿಸುವಾಗ ಹೆಸರು ಬೇಕಾಗುತ್ತೆ.

ಮರೆತದ್ದೂ ಇದೆ. ಹೊರಗಿನಿಂದ ಬಂದ ಇನ್ನೂರು ಜನ ಎರಡು ರಾತ್ರಿ ಮಲಗಿದ್ದು ಪಕ್ಕದ ಶಾಲೆಯ ಕೋಣೆಗಳಲ್ಲಿ. ಆ ಶಾಲೆಯವರ ಹೆಸರು ಪಟ್ಟಿಯಲ್ಲಿ ಇರಲಿಲ್ಲ, ಅವರು ದಾನಿಯೂ ಅಲ್ಲ, ಸ್ವಯಂಸೇವಕರೂ ಅಲ್ಲ. ಯಾವ ಪಂಗಡಕ್ಕೂ ಸೇರದವರು ಹೀಗೇ ಜಾರಿಹೋಗುತ್ತಾರೆ. ಕೂತ ಕೂಡಲೇ ನೆನಪಾಯಿತು. ಮೈಕ್ ಐದು ಹೆಜ್ಜೆ ದೂರದಲ್ಲಿತ್ತು, ಮಂಗಳ ಶುರುವಾಗಿರಲಿಲ್ಲ. ಹಿಂದಿನ ವರ್ಷದ ಮೂರು ಸಲದ ಓಡಾಟ ಕಣ್ಣಮುಂದೆ ಬಂತು, ಏಳಲಿಲ್ಲ.

ಸೋಮವಾರ ಬೆಳಿಗ್ಗೆ ಕಾರ್ಯದರ್ಶಿಯನ್ನು ಕರೆದುಕೊಂಡು, ಪೂಜ್ಯರ ಸಹಿ ಇದ್ದ ಪತ್ರ, ಒಂದು ಶಾಲು ಹಿಡಿದು ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯರು ಪ್ರಾರ್ಥನೆ ಮುಗಿಸಿ ಒಳಗೆ ಬರುತ್ತಿದ್ದರು. ತಪ್ಪಾಯಿತು ಸರ್, ನಿನ್ನೆ ನಿಮ್ಮ ಹೆಸರು ಬಿಟ್ಟೆ ಅಂದೆ. ಪತ್ರ ಓದಿ ಜೇಬಿನಲ್ಲಿ ಇಟ್ಟುಕೊಂಡರು.

‘ಹೆಸರು ಇರ್ಲಿ ಬಿಡ್ರಿ ಮಾಸ್ತರ. ಆ ಏಳನೇತ್ತೆ ಕ್ವಾಣ್ಯಾಗ ಎರಡು ಟ್ಯೂಬ್‌ಲೈಟ್ ಹೋಗ್ಯಾವ. ಮಲಗಿದ್ದೋರು ಏನ್ ಮಾಡಿದ್ರೋ ಏನೋ. ಅವನ್ನ ಹಾಕಿಸಿಕೊಡ್ರಿ ಸಾಕು.’

ಬುಧವಾರ ಹಾಕಿಸಿದೆವು.